ಸಾಯುವವನ ಮಾತು ಒಂದೇ ಸಾಕೇ?

1956ರ ಫೆಬ್ರುವರಿಯ ಒಂದು ರಾತ್ರಿ ನಾಗಪುರದ ಮಿಲ್ ಪ್ರದೇಶದಲ್ಲಿ ಎರಡು ಬಣಗಳ ಹಗೆತನಕ್ಕೆ ಒಬ್ಬನ ಮೇಲೆ ಮಾರಣಾಂತಿಕ ಹಲ್ಲೆಯಾಯಿತು. ಆಸ್ಪತ್ರೆಯಲ್ಲಿ ಮೊದಲು ವೈದ್ಯರು, ಆಮೇಲೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್, ಕೊನೆಗೆ ಮ್ಯಾಜಿಸ್ಟ್ರೇಟರು, ಹೀಗೆ ಮೂವರು ಅವನ ಹೇಳಿಕೆ ಬರೆದುಕೊಂಡರು. ಮೂವರಿಗೂ ಅವನು ಹೇಳಿದ್ದು ಎರಡೇ ಹೆಸರು: ಖುಶಾಲ್, ತುಕಾರಾಂ. ಮರುದಿನ ಅವನು ತೀರಿಕೊಂಡ.

ಸಾಮಾನ್ಯವಾಗಿ ಸಾಕ್ಷಿ ಕಟಕಟೆಗೆ ಬಂದು ಪ್ರಮಾಣ ಮಾಡಬೇಕು, ಪಾಟೀಸವಾಲಿಗೆ ಉತ್ತರ ಕೊಡಬೇಕು. ಸತ್ತವನಿಂದ ಅದು ಆಗದು. ಆದರೂ ಅವನ ಸಾವಿನ ಕಾರಣದ ಬಗ್ಗೆ ಅವನೇ ಆಡಿದ ಮಾತನ್ನು ಕಾನೂನು ಒಪ್ಪುತ್ತದೆ. ಹಿಂದೆ ಇದು 1872ರ ಸಾಕ್ಷ್ಯ ಕಾಯ್ದೆಯ 32ನೇ ಕಲಮಿನಲ್ಲಿತ್ತು. 2024ರ ಜುಲೈನಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಮಿನಲ್ಲಿದೆ. ಹೇಳುವಾಗ ಸಾವು ಖಚಿತವೆಂದು ಅವನಿಗೆ ಅನ್ನಿಸಿರಲೇಬೇಕು ಎಂದು ಇಂಗ್ಲೆಂಡಿನಲ್ಲಿ ಹಿಂದೆ ಇದ್ದ ನಿಯಮ ನಮ್ಮಲ್ಲಿಲ್ಲ.

ನಾಗಪುರದ ಪ್ರಕರಣದಲ್ಲಿ ತುಕಾರಾಂ ಹೈಕೋರ್ಟಿನಲ್ಲಿ ಬಿಡುಗಡೆಯಾದ. ಆ ಸುತ್ತಿನಲ್ಲಿ ಅದೇ ಹೆಸರಿನವರು ಇನ್ನೂ ಕೆಲವರಿದ್ದರು. ಹೇಳಿಕೆಯಲ್ಲಿದ್ದ ತುಕಾರಾಂ ಇವನೇ ಎಂಬುದು ಗಟ್ಟಿಯಾಗಲಿಲ್ಲ. ಖುಶಾಲ್ ವಿಷಯದಲ್ಲಿ ಆ ಗೊಂದಲವಿರಲಿಲ್ಲ. ಒಂದೇ ಬಾಯಿಂದ ಬಂದ ಎರಡು ಹೆಸರುಗಳಲ್ಲಿ ಒಂದು ನಿಂತಿತು, ಇನ್ನೊಂದು ಬಿತ್ತು. ಹೇಳಿದವನು ಸುಳ್ಳಾಡದಿದ್ದರೂ ಅವನ ಮಾತು ಯಾರನ್ನು ತೋರಿಸುತ್ತದೆ ಎಂಬುದನ್ನು ಬೇರೆಯಾಗಿ ನೋಡಲೇಬೇಕು.

ಖುಶಾಲನ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದ ಪ್ರಶ್ನೆ: ಪೂರಕ ಸಾಕ್ಷ್ಯವಿಲ್ಲದೆ ಮರಣಪೂರ್ವ ಹೇಳಿಕೆಯೊಂದರ ಮೇಲೆಯೇ ಶಿಕ್ಷೆ ಕೊಡಬಹುದೇ? ಕೊಡಬಹುದು ಎಂದು 1957ರಲ್ಲಿ ತೀರ್ಪು ಬಂತು. ಇಂಥ ಹೇಳಿಕೆ ಹುಟ್ಟಾ ದುರ್ಬಲ ಸಾಕ್ಷ್ಯವೇನಲ್ಲ. ಪ್ರತಿಯೊಂದನ್ನೂ ಅದರದೇ ಸನ್ನಿವೇಶದಲ್ಲಿ ತೂಗಬೇಕು. ಹಲ್ಲೆಗಾರರನ್ನು ಗುರುತಿಸುವಷ್ಟು ಬೆಳಕಿತ್ತೇ? ಮಾತಾಡುವಾಗ ನೆನಪು ಸರಿಯಿತ್ತೇ? ಹಲವು ಬಾರಿ ಹೇಳಿದ್ದು ಒಂದಕ್ಕೊಂದು ಹೊಂದುತ್ತದೆಯೇ? ಸಂಬಂಧಿಕರು ಹೇಳಿಕೊಡುವ ಮೊದಲೇ ಮಾತು ಬಂತೇ? ಮ್ಯಾಜಿಸ್ಟ್ರೇಟರು ಪ್ರಶ್ನೋತ್ತರವಾಗಿ, ಆದಷ್ಟೂ ಅವನದೇ ಮಾತಿನಲ್ಲಿ ಬರೆದುಕೊಂಡದ್ದಕ್ಕೆ ಹೆಚ್ಚು ತೂಕ. ಈ ಪರೀಕ್ಷೆಯಲ್ಲಿ ಕೊರತೆ ಕಂಡಾಗ ಮಾತ್ರ ಬೇರೆ ಸಾಕ್ಷ್ಯದ ಆಸರೆ ಬೇಕಾಗುತ್ತದೆ. ಇದು ಸರಿಯಾದ ದಾರಿ ಎಂದೇ ನನಗನ್ನಿಸುತ್ತದೆ. ಪೂರಕ ಸಾಕ್ಷ್ಯ ಕಡ್ಡಾಯವಾದರೆ, ಬೇರೆ ಕಣ್ಣಿಲ್ಲದ ಕಡೆ ಕೊಂದವನು ಸುಲಭವಾಗಿ ಪಾರಾಗುತ್ತಾನೆ.

ಸುಟ್ಟಗಾಯದ ಪ್ರಕರಣಗಳಲ್ಲಿ ಏಳುವ ದೊಡ್ಡ ವಾದ ವೈದ್ಯರ ಪ್ರಮಾಣಪತ್ರದ್ದು. ರೋಗಿಗೆ ಪ್ರಜ್ಞೆಯಿದೆ ಎಂದಷ್ಟೇ ವೈದ್ಯರು ಬರೆದು, ಹೇಳಿಕೆ ಕೊಡುವ ಮನಃಸ್ಥಿತಿಯಿದೆ ಎಂದು ಬರೆಯದಿದ್ದರೆ? 1999ರ ತೀರ್ಪೊಂದು ಇದನ್ನೇ ಮಾರಕ ಲೋಪವೆಂದು ಎಣಿಸಿತ್ತು. 2002ರಲ್ಲಿ ಲಕ್ಷ್ಮಣ್ ಪ್ರಕರಣದ ಸಂವಿಧಾನ ಪೀಠ ಅದನ್ನು ತಳ್ಳಿಹಾಕಿತು. ಹೇಳಿಕೆ ಪಡೆದವರು ತಾವೇ ಮಾತಾಡಿಸಿ, ವ್ಯಕ್ತಿಯ ಮನಸ್ಸು ಸ್ವಸ್ಥವಿತ್ತೆಂದು ಮನಗಂಡಿದ್ದಾಗಿ ಸಾಕ್ಷ್ಯ ನುಡಿದರೆ, ನ್ಯಾಯಾಲಯಕ್ಕೆ ಅದು ನಂಬುಗೆಯೆನಿಸಿದರೆ, ಪ್ರಮಾಣಪತ್ರ ಅನಿವಾರ್ಯವಲ್ಲ.

ಹೇಳಿಕೆ ಕೊಟ್ಟವರು ಬದುಕಿ ಉಳಿದರೆ ಅದು ಮರಣಪೂರ್ವ ಹೇಳಿಕೆಯಾಗಿ ಉಳಿಯುವುದಿಲ್ಲ. ಅವರೇ ನ್ಯಾಯಾಲಯಕ್ಕೆ ಬಂದು ನುಡಿಯಬೇಕು. ಹಳೆಯ ಹೇಳಿಕೆ ಆ ಸಾಕ್ಷ್ಯವನ್ನು ಬೆಂಬಲಿಸಲು ಇಲ್ಲವೇ ಪ್ರಶ್ನಿಸಲು ಮಾತ್ರ ಬಳಕೆಯಾಗುತ್ತದೆ.