ಏಳು ಡಿಗ್ರಿಯ ಬಾಗಿಲು

ಮನೆಗೆ ಇಂಟರ್ನೆಟ್ ತರುವ ಗಾಜಿನ ಎಳೆಯ ನಡುವಿನ ಕೋರ್ ಸುಮಾರು 8 ಮೈಕ್ರೋಮೀಟರ್ ದಪ್ಪ. ಅದರ ವಕ್ರೀಭವನಾಂಕ 1.450, ಸುತ್ತಲ ಕ್ಲ್ಯಾಡಿಂಗ್‌ನದು 1.445 ಎಂದಿಟ್ಟುಕೊಳ್ಳಿ. ಬೆಳಕನ್ನು ಹಿಡಿದಿಡಲು ಇಷ್ಟು ಸಣ್ಣ ವ್ಯತ್ಯಾಸ ಸಾಕು, ಆದರೆ ಷರತ್ತು ಬಿಗಿ. ಇಲ್ಲಿ ಕ್ರಾಂತಿಕೋನ ಸುಮಾರು 85.2 ಡಿಗ್ರಿ, ಅಂದರೆ ಗೋಡೆಯನ್ನು ಸವರಿಕೊಂಡು, 4.8 ಡಿಗ್ರಿಗಿಂತ ಕಡಿಮೆ ಓರೆಯಲ್ಲಿ ಸಾಗುವ ಕಿರಣಕ್ಕೆ ಮಾತ್ರ ಪೂರ್ಣ ಆಂತರಿಕ ಪ್ರತಿಫಲನ. ಮಿಕ್ಕದ್ದು ಸೋರಿಹೋಗುತ್ತದೆ.

ಗಾಳಿಯಿಂದ ಗಾಜಿಗೆ ಬರುವಾಗ ಕಿರಣ ಬಾಗುವುದರಿಂದ ಹೊರಗೆ ಈ ಮಿತಿ ತುಸು ಹಿಗ್ಗುತ್ತದೆ. NA = √(n₁² − n₂²) ಲೆಕ್ಕ ಹಾಕಿದರೆ 0.12, ಅದು ಸ್ವೀಕಾರ ಕೋನದ ಸೈನ್. ಕೋನ ಸುಮಾರು 7 ಡಿಗ್ರಿ. ಈ 0.12 ಎಂಬುದೇ ನ್ಯೂಮರಿಕಲ್ ಅಪರ್ಚರ್.

ಕಿರಣದ ಚಿತ್ರ ಹೇಳುವುದು ಇಷ್ಟನ್ನೇ. ಬೆಳಕು ಅಲೆಯೂ ಹೌದಲ್ಲ! ಅಷ್ಟು ಕಿರಿದಾದ ಕೋರಿನಲ್ಲಿ, ತನ್ನೊಂದಿಗೆ ತಾಳ ತಪ್ಪದೆ ಸಾಗುವ ಕೆಲವೇ ವಿನ್ಯಾಸಗಳು ಉಳಿಯುತ್ತವೆ. ಅವೇ ಮೋಡ್‌ಗಳು. ಎಷ್ಟು ಉಳಿಯುತ್ತವೆ ಎಂಬುದನ್ನು V = 2πa·NA/λ ಹೇಳುತ್ತದೆ; a ಕೋರಿನ ತ್ರಿಜ್ಯ, λ ತರಂಗಾಂತರ. V 2.405ಕ್ಕಿಂತ ಕಡಿಮೆಯಿದ್ದರೆ ಒಂದೇ ಮೋಡ್.

ತ್ರಿಜ್ಯ 4.1 ಮೈಕ್ರೋಮೀಟರ್ ಆದರೆ, 1310 ನ್ಯಾನೋಮೀಟರ್ ಬೆಳಕಿಗೆ V ಸುಮಾರು 2.37, ಒಂದೇ ಮೋಡ್. ತಂತ್ರಜ್ಞರು ದೋಷ ಹುಡುಕಲು ಬಿಡುವ 650 ನ್ಯಾನೋಮೀಟರ್ ಕೆಂಪು ಬೆಳಕಿಗೆ V 4.8ರ ಹತ್ತಿರ. ಅದೇ ಎಳೆಯಲ್ಲಿ ಆಗ ಹಲವು ಮೋಡ್‌ಗಳು ಓಡುತ್ತವೆ. ಎಳೆಯ ತುದಿಯ ಬೆಳಕನ್ನು ಬಿಳಿ ಕಾಗದದ ಮೇಲೆ ಬೀಳಿಸಿ (ಕಣ್ಣಿಟ್ಟು ಎಂದೂ ನೋಡಬಾರದು) ಎಳೆಯನ್ನು ತುಸು ಅಲುಗಿಸಿದರೆ ಕೆಂಪು ಚುಕ್ಕೆ ಒಡೆದು ಆಕಾರ ಬದಲಿಸುತ್ತದೆ. ಎಳೆ ತೀರಾ ಬಾಗಿದಲ್ಲಿ ಷರತ್ತು ಮುರಿದು, ಬೆಳಕು ಪಕ್ಕಕ್ಕೆ ಸೋರಿ ಆ ಜಾಗ ಕೆಂಪಗೆ ಹೊಳೆಯುತ್ತದೆ.