ಪತ್ರದ ಕೊನೆಯ ಹದಿನೈದು ಅಕ್ಷರ

ಸಾವನದುರ್ಗದ ಬುಡದ ಊರೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ನಡೆಸಲು ಹೊರಟ ಟ್ರಸ್ಟೊಂದು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಪ್ರಾಯೋಜಕತ್ವ ಕೋರಿ ಪತ್ರ ಬರೆಯುತ್ತದೆ ಎಂದಿಟ್ಟುಕೊಳ್ಳೋಣ. ಟ್ರಸ್ಟೂ ಪತ್ರವೂ ಇಲ್ಲಿ ಉದಾಹರಣೆಗಾಗಿ ಕಟ್ಟಿದವು. ಆದರೆ ಕೇಳಿಕೆ ಬೆಟ್ಟದಷ್ಟೇ ನಿಜವಾದದ್ದು: ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕವೊಂದು ಬೇಕು, ಬೆಟ್ಟದ ಕಲ್ಲನ್ನು ತೆಳುವಾಗಿ ಅರೆದು ಅಂಟಿಸಿದ ಗಾಜಿನ ಪಟ್ಟಿಗಳು ಬೇಕು. ಸುಮಾರು 250 ಕೋಟಿ ವರ್ಷ ಹಳೆಯ ಈ ಗ್ರಾನೈಟನ್ನು 0.03 ಮಿಲಿಮೀಟರಿಗೆ ಅರೆದರೆ ಬೆಳಕು ಅದರ ಮೂಲಕ ಹಾಯುತ್ತದೆ. ಹೊರಗೆ ಬರೀ ಬೂದಾಗಿ ಕಾಣುವ ಬಂಡೆಯಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಕರಿ ಅಭ್ರಕ ಮೂರೂ ಬೇರೆ ಬೇರೆಯಾಗಿ ಕಣ್ಣಿಗೆ ಬೀಳುತ್ತವೆ. ಈ ಬೆಟ್ಟ ಸೇರಿರುವ ಭೂವೈಜ್ಞಾನಿಕ ಪಟ್ಟಿಗೆ ಕ್ಲೋಸ್‌ಪೇಟ್ ಗ್ರಾನೈಟ್ ಎಂಬ ಹೆಸರು ಬಂದದ್ದೇ ರಾಮನಗರದ ಹಳೆಯ ಹೆಸರಿನಿಂದ. ತಾವು ದಿನವೂ ನೋಡುವ ಕಲ್ಲನ್ನು ಮಕ್ಕಳು ಹೀಗೆ ನೋಡಲಿ ಎನ್ನುವುದು ಪತ್ರದ ಆಶಯ.

ಕಾರ್ಖಾನೆಯ ಲೆಕ್ಕ ವಿಭಾಗದಲ್ಲಿ ಮಾತ್ರ ಪತ್ರವನ್ನು ಓದುವುದು ಕೊನೆಯಿಂದ. ಸಹಿಯ ಕೆಳಗೆ ನಾಲ್ಕೈದು ಸಾಲುಗಳಲ್ಲಿ ಟ್ರಸ್ಟಿನ ನೋಂದಣಿ ಸಂಖ್ಯೆ, ಪ್ಯಾನ್, 12ಎ, 80ಜಿ, ಸಿಎಸ್‌ಆರ್ ಸಂಖ್ಯೆ, ಜಿಎಸ್‌ಟಿಐಎನ್ ಇರುತ್ತವೆ. ನೋಡಲು ಎಲ್ಲವೂ ಒಂದೇ ಜಾತಿ. ಆದರೆ ಕೆಲವು ಸಂಖ್ಯೆಗಳು ತಮ್ಮೊಳಗಿನ ತಪ್ಪನ್ನು ತಾವೇ ಹೇಳಿಕೊಡುತ್ತವೆ, ಕೆಲವು ಏನನ್ನೂ ಹೇಳುವುದಿಲ್ಲ.

ನೋಂದಣಿ ಸಂಖ್ಯೆ ಎರಡನೆಯ ಬಗೆಯದು. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಜಿಲ್ಲಾ ನೋಂದಣಾಧಿಕಾರಿಯ ಕಚೇರಿಯಲ್ಲಿ, ಟ್ರಸ್ಟಾದರೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಅದು ಹುಟ್ಟುತ್ತದೆ. ಮುಖ್ಯವಾಗಿ ಅದರಲ್ಲಿರುವುದು ಒಂದು ಕ್ರಮಸಂಖ್ಯೆ ಮತ್ತು ಒಂದು ವರ್ಷ. 214 ಎಂಬುದು 241 ಆಗಿ ಅಚ್ಚಾದರೆ ಕಾಗದ ನೋಡಿ ಅದನ್ನು ಹಿಡಿಯುವ ದಾರಿಯಿಲ್ಲ. ಸಾವನದುರ್ಗವಿರುವ ಮಾಗಡಿ ಸೀಮೆಯಲ್ಲಿ ಇನ್ನೊಂದು ತೊಡಕೂ ಉಂಟು. ಈ ತಾಲ್ಲೂಕು 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿತ್ತು, ಆಮೇಲೆ ಬೆಂಗಳೂರು ಗ್ರಾಮಾಂತರಕ್ಕೆ ಸೇರಿತು, 2007ರಲ್ಲಿ ರಾಮನಗರ ಜಿಲ್ಲೆಯ ಪಾಲಾಯಿತು, 2025ರಲ್ಲಿ ಅದೇ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಸಂಘ ಕದಲದಿದ್ದರೂ ಅದರ ಪ್ರಮಾಣಪತ್ರದ ಮೇಲಿನ ಜಿಲ್ಲೆಯ ಹೆಸರು ಹಳೆಯದಾಗಿಬಿಡುತ್ತದೆ. ತಲೆಬರಹದ ವಿಳಾಸಕ್ಕೂ ಪ್ರಮಾಣಪತ್ರದ ಜಿಲ್ಲೆಗೂ ತಾಳೆಯಾಗದಿದ್ದರೆ ಇಲ್ಲಿ ಗಾಬರಿಪಡಬೇಕಿಲ್ಲ. ವರ್ಷ ನೋಡಿದರೆ ಸಾಕು.

ಪ್ಯಾನ್ ಹೀಗಲ್ಲ, ಅದು ಮಾತಾಡುತ್ತದೆ. ಅದರ ಹತ್ತು ಅಕ್ಷರಗಳಲ್ಲಿ ಮೊದಲ ಮೂರು ಬರೀ ಸರಣಿ. ನಾಲ್ಕನೆಯದು ಹೊಂದಿರುವವರು ಯಾರೆಂದು ತಿಳಿಸುತ್ತದೆ: `P` ಎಂದರೆ ವ್ಯಕ್ತಿ, `C` ಕಂಪನಿ, `F` ಪಾಲುದಾರಿಕೆ ಸಂಸ್ಥೆ, `A` ವ್ಯಕ್ತಿಗಳ ಕೂಟ, `T` ಟ್ರಸ್ಟ್. ಐದನೆಯದು ವ್ಯಕ್ತಿಯಾದರೆ ಕುಲನಾಮದ, ಸಂಸ್ಥೆಯಾದರೆ ಸಂಸ್ಥೆಯ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ. ಅದಾದ ಮೇಲೆ 0001ರಿಂದ 9999ರವರೆಗಿನ ನಾಲ್ಕು ಅಂಕಿ, ಕೊನೆಗೆ ಪರೀಕ್ಷಾಕ್ಷರ. ಟ್ರಸ್ಟಿನ ಹೆಸರಿನಲ್ಲಿ ಬಂದ ಪತ್ರದ ಪ್ಯಾನ್‌ನಲ್ಲಿ ನಾಲ್ಕನೆಯ ಅಕ್ಷರ `P` ಇದ್ದರೆ ಹಣ ಹೋಗುವುದು ಯಾರದೋ ಸ್ವಂತ ಲೆಕ್ಕಕ್ಕೆ. ಇದನ್ನು ಪತ್ತೆಹಚ್ಚಲು ಗಣಿತ ಬೇಡ, ಕಣ್ಣಿದ್ದರೆ ಸಾಕು. ಹೆಸರು ಸಾವನದುರ್ಗದಿಂದ ಆರಂಭವಾಗಿ ಐದನೆಯ ಅಕ್ಷರ `M` ಆಗಿದ್ದರೂ ಒಂದು ಫೋನ್ ಮಾಡುವುದು ಒಳ್ಳೆಯದು. ಹತ್ತನೆಯ ಅಕ್ಷರದ ಲೆಕ್ಕವನ್ನು ಮಾತ್ರ ಆದಾಯ ತೆರಿಗೆ ಇಲಾಖೆ ಪ್ರಕಟಿಸಿಲ್ಲ. ಹಾಗಾಗಿ ಅದನ್ನು ಹೊರಗಿನವರು ತಾಳೆ ನೋಡುವಂತಿಲ್ಲ.

ಜಿಎಸ್‌ಟಿಐಎನ್‌ನಲ್ಲಿ ಆ ತಾಳೆ ನೋಡಬಹುದು, ಪೆನ್ನು ಕಾಗದ ಹಿಡಿದು. ಹದಿನೈದು ಅಕ್ಷರಗಳ ಈ ಸಂಖ್ಯೆಯಲ್ಲಿ ಮೊದಲೆರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್. ಹದಿಮೂರನೆಯದು ಅದೇ ಪ್ಯಾನ್‌ಗೆ ರಾಜ್ಯದೊಳಗೆ ಇದು ಎಷ್ಟನೆಯ ನೋಂದಣಿ ಎಂಬುದು. ಹದಿನಾಲ್ಕನೆಯದು ಸಾಮಾನ್ಯವಾಗಿ `Z`. ಹದಿನೈದನೆಯದು ಮೊದಲಿನ ಹದಿನಾಲ್ಕರಿಂದ ಹುಟ್ಟುವ ಪರೀಕ್ಷಾಕ್ಷರ.

ನಮ್ಮ ಟ್ರಸ್ಟಿನ ಪ್ಯಾನ್ `AAATS0000K` ಎಂದುಕೊಳ್ಳೋಣ. ನಾಲ್ಕು ಸೊನ್ನೆಯ ಪ್ಯಾನ್ ಯಾರಿಗೂ ಸಿಗುವುದಿಲ್ಲವಾದ್ದರಿಂದ ಇದು ಯಾರದೂ ಅಲ್ಲ. ಈಗ 0ಯಿಂದ 9ರವರೆಗಿನ ಅಂಕಿಗಳಿಗೆ ಅವುಗಳದೇ ಬೆಲೆ, `A`ಗೆ 10, `B`ಗೆ 11, ಹೀಗೆ ಸಾಗಿ `Z`ಗೆ 35 ಎಂದು ಬೆಲೆ ಕಟ್ಟಬೇಕು. ಎಡದಿಂದ ಒಂದು ಬಿಟ್ಟು ಒಂದು, ಅಂದರೆ ಎರಡನೆಯ, ನಾಲ್ಕನೆಯ, ಆರನೆಯ ಅಕ್ಷರಗಳ ಬೆಲೆಯನ್ನು ದ್ವಿಗುಣ ಮಾಡಬೇಕು. ದ್ವಿಗುಣಿಸಿದ್ದು 36 ಅಥವಾ ಅದಕ್ಕಿಂತ ಹೆಚ್ಚಾದರೆ 36ರಿಂದ ಭಾಗಿಸಿ, ಭಾಗಲಬ್ಧವನ್ನೂ ಶೇಷವನ್ನೂ ಕೂಡಿಸಬೇಕು. ಆರನೆಯ `T`ಯ ಬೆಲೆ 29, ದ್ವಿಗುಣ 58. ಅದರಲ್ಲಿ 36 ಒಂದು ಸಲ ಹೋಗಿ 22 ಉಳಿಯುತ್ತದೆ. ಎರಡೂ ಸೇರಿ 23. ಹೀಗೆ ಎಲ್ಲವನ್ನೂ ಬರೆದರೆ:

```
2  9  A  A  A  T  S  0  0  0  0  K  1  Z
2 18 10 20 10 23 28  0  0  0  0  5  1 35
```

ಕೆಳಸಾಲಿನ ಮೊತ್ತ 152. ಅದನ್ನು 36ರಿಂದ ಭಾಗಿಸಿದರೆ ಶೇಷ 8. 36ರಿಂದ 8 ಕಳೆದರೆ 28, ಅದು `S`. (ಶೇಷ ಸೊನ್ನೆಯೇ ಆಗಿದ್ದರೆ ಪರೀಕ್ಷಾಕ್ಷರವೂ ಸೊನ್ನೆ.) ಪೂರ್ಣ ಸಂಖ್ಯೆ `29AAATS0000K1ZS`.

ಟೈಪ್ ಮಾಡುವವರ ಬೆರಳು ಅವಸರದಲ್ಲಿ `TS` ಬದಲು `ST` ಒತ್ತಿತು ಎನ್ನಿ. ಈಗ ದ್ವಿಗುಣವಾಗುವುದು `S`: 28 ಹೋಗಿ 56, ಅದರಿಂದ 21. ಮುಂದಿನ `T` ತನ್ನ 29ರಲ್ಲೇ ನಿಲ್ಲುತ್ತದೆ. ಮೊತ್ತ 151ಕ್ಕೆ ಇಳಿದು, ಪರೀಕ್ಷಾಕ್ಷರ `T` ಆಗಬೇಕಾಗುತ್ತದೆ. ಕಾಗದದಲ್ಲಿರುವುದು `S`. ತಪ್ಪು ಸಿಕ್ಕಿಬಿತ್ತು. ಕೈತಪ್ಪುಗಳಲ್ಲಿ ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು ಬೀಳುವುದೇ ಹೆಚ್ಚು, ಅದರ ನಂತರದ್ದು ಅಕ್ಕಪಕ್ಕದ ಅಕ್ಷರಗಳು ಅದಲುಬದಲಾಗುವುದು. ಮೊದಲನೆಯದನ್ನು ಈ ಲೆಕ್ಕ ಬಿಡದೆ ಹಿಡಿಯುತ್ತದೆ.

ದ್ವಿಗುಣಿಸಿದ ಮೇಲೆ ಭಾಗಲಬ್ಧವನ್ನು ಕೂಡಿಸುವುದು ಏತಕ್ಕೆ, ಬರೀ ಶೇಷ ಸಾಲದೇ ಎಂಬ ಪ್ರಶ್ನೆ ಏಳಬಹುದು. ಈ ವಿಧಾನದ ಜಾಣ್ಮೆ ಇರುವುದೇ ಅಲ್ಲಿ. ಬರೀ ಶೇಷ ತೆಗೆದುಕೊಂಡರೆ `A` (10) ದ್ವಿಗುಣವಾಗಿ 20 ಆಗುತ್ತದೆ. `S` (28) ದ್ವಿಗುಣವಾಗಿ 56, ಅದರ ಶೇಷವೂ 20. ಕೀಬೋರ್ಡಿನಲ್ಲಿ ಅಕ್ಕಪಕ್ಕ ಕೂತಿರುವ ಈ ಎರಡು ಅಕ್ಷರಗಳು ಲೆಕ್ಕಕ್ಕೆ ಒಂದೇ ಆಗಿಬಿಡುತ್ತಿದ್ದವು. ಹದಿನೆಂಟರ ಅಂತರದ ಪ್ರತಿ ಜೋಡಿಗೂ ಇದೇ ಗತಿ. ಭಾಗಲಬ್ಧದ ಒಂದನ್ನು ಸೇರಿಸಿದೊಡನೆ 20 ಮತ್ತು 21 ಎಂದು ಬೇರೆಯಾಗುತ್ತವೆ. ಮೂವತ್ತಾರು ಅಕ್ಷರಗಳಿಗೂ ಮೂವತ್ತಾರು ಬೇರೆ ಬೇರೆ ಫಲ.

ಈ ಉಪಾಯ ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ ಅವರದು. 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1960ರಲ್ಲಿ ಪಡೆದರು. ಅವರು ವಿನ್ಯಾಸ ಮಾಡಿದ್ದು ಕೈಯಲ್ಲಿ ಹಿಡಿಯುವ ಯಂತ್ರ, ಲೆಕ್ಕವೂ ಹತ್ತು ಅಂಕಿಗಳಿಗಷ್ಟೇ. ಬ್ಯಾಂಕ್ ಕಾರ್ಡುಗಳ ಸಂಖ್ಯೆಯಲ್ಲಿ ಇಂದಿಗೂ ಅದೇ ಇದೆ. ನಮ್ಮ ಜಿಎಸ್‌ಟಿ ಅದನ್ನು 36ಕ್ಕೆ ಹಿಗ್ಗಿಸಿಕೊಂಡಿದೆ. ಆಧಾರ್‌ನ ಹನ್ನೆರಡನೆಯ ಅಂಕಿಯ ದಾರಿ ಬೇರೆ: ಡಚ್ ಗಣಿತಜ್ಞ ಯಾಕೊಬಸ್ ವರ್ಹೂಫ್ 1969ರಲ್ಲಿ ಕೊಟ್ಟ, ಅಕ್ಕಪಕ್ಕದ ಎಲ್ಲ ಅದಲುಬದಲನ್ನೂ ಹಿಡಿಯುವ ವಿಧಾನ.

ಲೂನ್ ವಿಧಾನ ಅಷ್ಟು ಪೂರ್ಣವಲ್ಲ. ಮೂಲದಲ್ಲಿ 09 ಎಂಬುದು 90 ಆದರೆ ಅದಕ್ಕೆ ಗೊತ್ತಾಗುವುದಿಲ್ಲ. 36ರ ಲೆಕ್ಕದಲ್ಲಿ ಆ ಕುರುಡು ಜೋಡಿ ಸೊನ್ನೆ ಮತ್ತು `Z`. ಅಕ್ಕಪಕ್ಕದ ಅದಲುಬದಲಲ್ಲಿ ತಪ್ಪಿಸಿಕೊಳ್ಳುವುದು ಇದೊಂದೇ. ಜಿಎಸ್‌ಟಿಐಎನ್‌ನ ಪ್ಯಾನ್ ಭಾಗದಲ್ಲಿ ಸೊನ್ನೆಯೂ `Z` ಕೂಡ ಅಕ್ಕಪಕ್ಕ ಬಂದರೂ ಅವು ಜಾಗ ಬದಲಿಸಿದೊಡನೆ ಅಂಕಿಯ ಸ್ಥಾನದಲ್ಲಿ ಅಕ್ಷರ, ಅಕ್ಷರದ ಸ್ಥಾನದಲ್ಲಿ ಅಂಕಿ ಕೂರುತ್ತವೆ. ಗಣಿತ ಕೈಬಿಟ್ಟದ್ದನ್ನು ಅಕ್ಷರವಿನ್ಯಾಸ ಹಿಡಿಯುತ್ತದೆ. ಇದಕ್ಕೆಂದೇ ಹಾಗೆ ಜೋಡಿಸಿದರೋ, ತಾನಾಗಿ ಒದಗಿ ಬಂತೋ, ಲಾಭವಂತೂ ಆಗಿದೆ. ಒಂದರ ಅಂತರದಲ್ಲಿರುವ ಅಕ್ಷರಗಳು ಅದಲುಬದಲಾದರೆ ಮಾತ್ರ ಇಬ್ಬರೂ ಸೋಲುತ್ತಾರೆ. ಪ್ಯಾನ್ ಆರಂಭದ `ABC` ಎಂಬುದು `CBA` ಆದರೆ `A`, `C` ಎರಡಕ್ಕೂ ಒಂದೇ ತೂಕ ಬೀಳುವುದರಿಂದ ಮೊತ್ತ ಕದಲುವುದಿಲ್ಲ.

ಪರೀಕ್ಷಾಕ್ಷರ ಸರಿಬಂದರೆ ಸಂಖ್ಯೆ ಅಸಲಿ ಎಂದಾಗದು. ಕಣ್ಣುಮುಚ್ಚಿ ಬರೆದ ಮೂವತ್ತಾರು ಸಂಖ್ಯೆಗಳಲ್ಲಿ ಸರಾಸರಿ ಒಂದು ಪಾಸಾಗುತ್ತದೆ. ಇಲ್ಲದ ಟ್ರಸ್ಟಿಗೆ ಮೇಲೆ ನಾವೇ ಒಂದನ್ನು ಕಟ್ಟಿದೆವಲ್ಲ, ಮೋಸಗಾರನಿಗೂ ಅದು ಅಷ್ಟೇ ಸುಲಭ. ಈ ಲೆಕ್ಕ ಹುಟ್ಟಿದ್ದು ಬೆರಳಿನ ತಪ್ಪಿಗೆ, ಮನಸ್ಸಿನ ತಪ್ಪಿಗೆ ಅಲ್ಲ. ಆದ್ದರಿಂದ ಕಾರ್ಖಾನೆಯವರು ಜಿಎಸ್‌ಟಿ ಪೋರ್ಟಲಿನಲ್ಲಿ ಸಂಖ್ಯೆ ಹಾಕಿ ಅಲ್ಲಿ ಬರುವ ಕಾನೂನುಬದ್ಧ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಂಬುದನ್ನು ನೋಡಬೇಕು. ಪತ್ರದಲ್ಲಿ ಜಿಎಸ್‌ಟಿಐಎನ್ ಇಲ್ಲವೇ ಇಲ್ಲ ಎಂದು ಸಂಶಯಪಡುವುದೂ ಸರಿಯಲ್ಲ. ಕರ್ನಾಟಕದಲ್ಲಿ ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಿಲ್ಲ, ಹಳ್ಳಿಯ ಟ್ರಸ್ಟುಗಳು ಬಹುಪಾಲು ಅಷ್ಟರೊಳಗೇ.

12ಎ, 80ಜಿ ಸಾಲುಗಳಲ್ಲಿ ನೋಡಬೇಕಾದದ್ದು ವಯಸ್ಸು. ಒಮ್ಮೆ ಸಿಕ್ಕರೆ ಸದಾಕಾಲ ಎಂಬ ಕಾಲ 2021ರ ಏಪ್ರಿಲ್ 1ಕ್ಕೆ ಮುಗಿಯಿತು. ಹಳೆಯ ಸಂಸ್ಥೆಗಳೂ ಮತ್ತೆ ಅರ್ಜಿ ಹಾಕಿ ಅವಧಿ ನಿಗದಿಯಾದ ಹೊಸ ಸಂಖ್ಯೆ ಪಡೆಯಬೇಕಾಯಿತು. ಹೊಸ ಸಂಖ್ಯೆ ಸಂಸ್ಥೆಯ ಪ್ಯಾನ್‌ನಿಂದಲೇ ಆರಂಭವಾಗುತ್ತದೆ. ಮೇಲಿನ ಸಾಲಿನ ಪ್ಯಾನ್‌ಗೂ ಇದಕ್ಕೂ ಹೊಂದುತ್ತದೆಯೇ ಎಂದು ಬೆರಳಿಟ್ಟು ನೋಡಬಹುದು. ತೊಂಬತ್ತರ ದಶಕದ ಆದೇಶ ಸಂಖ್ಯೆಯನ್ನೇ ಇನ್ನೂ ಅಚ್ಚು ಹಾಕಿಸುತ್ತಿರುವ ತಲೆಬರಹಗಳು ಸುಳ್ಳು ಹೇಳುತ್ತಿಲ್ಲ, ಹಳೆಯ ಅಚ್ಚನ್ನು ಬದಲಿಸಿಲ್ಲ ಅಷ್ಟೇ. ದಾನಿಗೆ ರಿಯಾಯಿತಿ ಸಿಗದಿದ್ದಾಗ ಮಾತ್ರ ಆ ಉದಾಸೀನದ ಬೆಲೆ ತಿಳಿಯುತ್ತದೆ.

ಇನ್ನು `CSR` ಎಂದು ಆರಂಭವಾಗುವ ಸಂಖ್ಯೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಪಡೆದು ಕೆಲಸ ನಡೆಸುವ ಸಂಸ್ಥೆಗಳು 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆ ತುಂಬಿ ಇದನ್ನು ಪಡೆಯಬೇಕು. ನಮ್ಮ ಸಂಘಟಕರು ಎಡವುವುದು ಇಲ್ಲೇ, ಸಂಖ್ಯೆಯಲ್ಲಲ್ಲ, ಅದರ ಮೇಲಿನ ವಾಕ್ಯದಲ್ಲಿ. “ನಿಮ್ಮ ಉತ್ಪನ್ನಗಳ ಬ್ಯಾನರ್ ಹಾಕಿಸುತ್ತೇವೆ, ಮಳಿಗೆಗೆ ಜಾಗ ಕೊಡುತ್ತೇವೆ” ಎಂದು ಬರೆದು ಕೆಳಗೆ ಸಿಎಸ್‌ಆರ್ ಸಂಖ್ಯೆ ಕೊಟ್ಟರೆ ಪತ್ರ ತನ್ನನ್ನೇ ಅಲ್ಲಗಳೆಯುತ್ತದೆ. ತನ್ನ ಸರಕು ಸೇವೆಗಳ ಪ್ರಚಾರಕ್ಕಾಗಿ ಕಂಪನಿ ಕೊಡುವ ಪ್ರಾಯೋಜಕತ್ವವನ್ನು ನಿಯಮಗಳು ಸಿಎಸ್‌ಆರ್ ಲೆಕ್ಕದಿಂದ ಹೊರಗಿಟ್ಟಿವೆ. ಬ್ಯಾನರಿಗೆ ಬದಲಾಗಿ ಬಂದ ಹಣ ಜಿಎಸ್‌ಟಿ ಕಣ್ಣಿಗೆ ಸೇವೆಯ ಬೆಲೆ. ಪ್ರಚಾರವಿಲ್ಲದೆ, ಕೃತಜ್ಞತೆಗಾಗಿ ದಾನಿಯ ಹೆಸರನ್ನಷ್ಟೇ ಬರೆದು ಹಾಕಿದರೆ ಅದು ದಾನ, ತೆರಿಗೆಯಿಲ್ಲ ಎಂದು 2019ರ ಅಕ್ಟೋಬರ್‌ನ ಸುತ್ತೋಲೆ ಬಿಡಿಸಿ ಹೇಳಿದೆ.

ಹಾಗಾಗಿ ಪತ್ರ ಎರಡಾಗಬೇಕು. ಸೂಕ್ಷ್ಮದರ್ಶಕ ಪ್ರದರ್ಶನ ಮುಗಿದ ಮೇಲೆ ಶಾಲೆಯಲ್ಲೇ ಉಳಿಯುವ ವಸ್ತು. ಅದಕ್ಕೆ ಬರೆಯುವ ಪತ್ರದಲ್ಲಿ ಬ್ಯಾನರಿನ ಮಾತಿಲ್ಲದೆ 80ಜಿ, ಸಿಎಸ್‌ಆರ್ ಸಂಖ್ಯೆಗಳಿರಲಿ. ಪೆಂಡಾಲು, ಊಟದ ಖರ್ಚಿಗೆ ಬ್ಯಾನರ್ ಹಾಕಿಸುವ ಅಂಗಡಿಯವರನ್ನೇ ಕೇಳಬಹುದು. ಆ ಪತ್ರದಲ್ಲಿ ಟ್ರಸ್ಟಿನ ಹೆಸರು, ಪ್ಯಾನ್, ಇದ್ದರೆ ಜಿಎಸ್‌ಟಿಐಎನ್ ಇದ್ದರಾಯಿತು. ಕಳುಹಿಸುವ ಮುಂಚೆ ಯಾರಾದರೂ ಒಬ್ಬರು ಆ ಹದಿನೈದು ಅಕ್ಷರಗಳನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪತ್ರದ ಹಳೆಯ ಪ್ರತಿಯನ್ನು ಬಿಟ್ಟು ಮೂಲ ಪ್ರಮಾಣಪತ್ರವನ್ನೇ ಹಿಡಿದು ತಾಳೆ ನೋಡಲಿ.