ಒಂಟಿ ಕಾಲಿನ ಮೂವತ್ತು ಸೆಕೆಂಡು

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಓಡುವಾಗ ನನ್ನ ಬಲಗಾಲು ಕಲ್ಲೊಂದರ ಅಂಚಿನ ಮೇಲೆ ಬಿತ್ತು. ಪಾದ ಒಳಕ್ಕೆ ಮಡಚಿತು, ಹೊರಗಿನ ಗಂಟುಮೂಳೆಯ ಮುಂದೆ ಚುಳುಕ್ ಎಂದಿತು. ಕುಂಟುತ್ತಲೇ ಮನೆಗೆ ನಡೆದು ಬಂದೆ. ಸಂಜೆಗೆ ಅಲ್ಲಿ ನಿಂಬೆಹಣ್ಣಿನಷ್ಟು ಊತ. ಹತ್ತನೆಯ ದಿನ ನೋವು ಪೂರ್ತಿ ಹೋಯಿತು. ಹನ್ನೆರಡನೆಯ ದಿನ ಓಡಲು ಹೋದೆ. ಸಮತಟ್ಟಾದ ದಾರಿಯಲ್ಲೇ ಅದೇ ಕಾಲು ಮತ್ತೆ ಉಳುಕಿತು.

ಫಿಸಿಯೋಥೆರಪಿಸ್ಟ್ ಕಾಲನ್ನು ಒತ್ತಿ ನೋಡಿದ ಮೇಲೆ ಕೇಳಿದ್ದು ಒಂದೇ: "ಸರ್, ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲಿ, ನೋಡೋಣ." ಎಡಗಾಲಲ್ಲಿ ಹದಿನೇಳು ಸೆಕೆಂಡು ನಿಂತೆ. ಬಲಗಾಲಲ್ಲಿ ನಾಲ್ಕೇ ಸೆಕೆಂಡಿಗೆ ಗೋಡೆ ಹಿಡಿದುಕೊಂಡೆ. ನೋವು ಮಾತ್ರ ಒಂದಿಷ್ಟೂ ಇರಲಿಲ್ಲ.

ಆ ಹದಿಮೂರು ಸೆಕೆಂಡಿನ ಅಂತರದಲ್ಲೇ ಎಲ್ಲ ಇತ್ತು. ಪಾದ ಒಳಕ್ಕೆ ಮಡಚಿದಾಗ ಮೊದಲು ಹಿಗ್ಗುವುದು ಹೊರಗಂಟಿನ ಮುಂದಿರುವ ಚಿಕ್ಕ ಲಿಗಮೆಂಟು, ಅಂದರೆ ಮೂಳೆಗೆ ಮೂಳೆಯನ್ನು ಬಿಗಿದಿರುವ ಪಟ್ಟಿ. ಸಣ್ಣ ಉಳುಕಿನಲ್ಲಿ ಅದರ ಕೆಲವೇ ಎಳೆಗಳು ಹರಿಯುತ್ತವೆ, ಪಟ್ಟಿ ತುಂಡಾಗುವುದಿಲ್ಲ. ಆದರೆ ಪಾದ ಈಗ ಯಾವ ಕೋನದಲ್ಲಿದೆ ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ನರತುದಿಗಳೂ ಆ ಪಟ್ಟಿಯಲ್ಲೇ ಇವೆ. ಪೆಟ್ಟು ಬಿದ್ದ ಮೇಲೆ ಆ ಸುದ್ದಿ ಮಸುಕಾಗುತ್ತದೆ. ಪಾದ ವಾಲತೊಡಗಿದಾಗ ಅದನ್ನು ಹೊರಕ್ಕೆ ಎಳೆದು ನೇರಮಾಡಬೇಕಾದ, ಕಾಲಿನ ಹೊರಬದಿಯ ಸ್ನಾಯುಗಳು ತಡವಾಗಿ ಎಚ್ಚರಗೊಳ್ಳುತ್ತವೆ. ನೋವು, ಊತ ಇಳಿದರೂ ಈ ಕೊರತೆ ತಾನಾಗಿ ಪೂರ್ತಿ ತುಂಬಿಕೊಳ್ಳುವುದಿಲ್ಲ. ಒಮ್ಮೆ ಉಳುಕಿದ ಕಾಲು ಅದೇ ಜಾಗದಲ್ಲಿ ಮತ್ತೆ ಮತ್ತೆ ಉಳುಕಲು ಇದು ದೊಡ್ಡ ಕಾರಣ.

ಇದೆಲ್ಲ ಸಣ್ಣ ಉಳುಕಿನ ಮಾತು. ಗಾಯವಾದಾಗ ಮತ್ತು ಪರೀಕ್ಷೆಗೆ ಹೋದಾಗ ಎರಡೂ ಸಲ ನಾಲ್ಕು ಹೆಜ್ಜೆ ಊರಲಾಗದಿದ್ದರೆ ಎಕ್ಸ್-ರೇ ಬೇಕು. ಒಳಗಂಟು ಅಥವಾ ಹೊರಗಂಟಿನ ತುದಿಯನ್ನೋ ಹಿಂದಿನ ಅಂಚನ್ನೋ ಒತ್ತಿದರೆ ಮೂಳೆಯೇ ನೊಂದರೂ, ಪಾದದ ಹೊರ ಅಂಚಿನ ನಡುವಿನ ಉಬ್ಬು ನೊಂದರೂ ಹಾಗೆಯೇ. 1992ರಲ್ಲಿ ಕೆನಡಾದ ಒಟ್ಟಾವಾದಲ್ಲಿ ರೂಪುಗೊಂಡ ಈ ನಿಯಮಗಳನ್ನು ಜಗತ್ತಿನ ತುರ್ತು ಚಿಕಿತ್ಸಾ ವೈದ್ಯರು ಇಂದಿಗೂ ಬಳಸುತ್ತಾರೆ. ಉಳುಕು ತೆಗೆಸುತ್ತೇವೆಂದು ಕಾಲನ್ನು ಜಗ್ಗಿಸಿಕೊಳ್ಳುವುದು, ಮೊದಲ ದಿನವೇ ಬಿಸಿ ಎಣ್ಣೆ ಹಾಕಿ ತಿಕ್ಕಿಸುವುದು ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. ಹರಿದ ಎಳೆಯನ್ನು ಅದು ಇನ್ನಷ್ಟು ಎಳೆಯುತ್ತದೆ, ಊತ ಹೆಚ್ಚುತ್ತದೆ.

ಎರಡನೆಯ ಉಳುಕಿನ ನಂತರ ಮೊದಲ ಮೂರು ದಿನ ನಾನು ಮಾಡಿದ್ದು ಸ್ವಲ್ಪವೇ. ಎಲಾಸ್ಟಿಕ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಡುತ್ತಿದ್ದೆ. ನೋವು ಬಿಟ್ಟಷ್ಟು ನಡೆಯುತ್ತಿದ್ದೆ. ಕುಳಿತಲ್ಲೇ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯುತ್ತಿದ್ದೆ. ನಮ್ಮ ಅಕ್ಷರಗಳ ಸುತ್ತುಗಳಲ್ಲಿ ಪಾದ ಎಲ್ಲ ದಿಕ್ಕಿಗೂ ಹೊರಳುತ್ತದೆ.

ಕುಂಟದೆ ನಡೆಯಲು ಬಂದ ಮೇಲೆ ನಿಜವಾದ ಕೆಲಸ ಶುರು. ಮೊದಲು ಬಾಗುವಿಕೆ. ಗೋಡೆಗೆ ಮುಖಮಾಡಿ ಪಾದವನ್ನು ನೆಟ್ಟಗಿಟ್ಟು, ಹಿಮ್ಮಡಿ ಎತ್ತದೆ ಮೊಣಕಾಲಿನಿಂದ ಗೋಡೆ ಮುಟ್ಟಬೇಕು. ಮುಟ್ಟಲಾಗುವ ಅತಿ ದೂರದಲ್ಲಿ ಹೆಬ್ಬೆರಳಿಗೂ ಗೋಡೆಗೂ ಎಷ್ಟು ಅಂತರವಿದೆಯೆಂದು ಸ್ಕೇಲಿನಲ್ಲಿ ಅಳೆದೆ. ಎಡಕ್ಕೆ 11 ಸೆಂ.ಮೀ., ಬಲಕ್ಕೆ 7. ಈ ಚಲನೆಯನ್ನೇ ದಿನಕ್ಕೆರಡು ಸಲ ಹದಿನೈದು ಬಾರಿ ಮಾಡುವುದು ವ್ಯಾಯಾಮ.

ಬಲಕ್ಕೆ ಎರಡು ವ್ಯಾಯಾಮ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ಹಿಮ್ಮಡಿ ಎತ್ತಿ ಇಳಿಸುವುದು, ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂದರಲ್ಲಿ. ಎತ್ತುವುದಕ್ಕಿಂತ ನಿಧಾನವಾಗಿ ಇಳಿಸಬೇಕು. ಇನ್ನೊಂದು, ಮೇಜಿನ ಕಾಲಿಗೆ ಕಟ್ಟಿದ ರಬ್ಬರ್ ಬ್ಯಾಂಡನ್ನು ಪಾದಕ್ಕೆ ಸಿಕ್ಕಿಸಿ ಹೊರಕ್ಕೆ ತಳ್ಳಿ, ಮೂರು ಎಣಿಸುತ್ತ ಹಿಂದಕ್ಕೆ ಬಿಡುವುದು. ತಡವಾಗಿ ಎಚ್ಚರಗೊಳ್ಳುವ ಆ ಹೊರಸ್ನಾಯುಗಳಿಗೇ ಈ ಕೆಲಸ. ಹನ್ನೆರಡರಂತೆ ಮೂರು ಸುತ್ತು, ದಿನ ಬಿಟ್ಟು ದಿನ ಸಾಕು. ಬ್ಯಾಂಡ್ ತಳ್ಳುವಾಗ ಮೊಣಕಾಲು ತಿರುಗಿದರೆ ಕೆಲಸ ಮಾಡುತ್ತಿರುವುದು ಸೊಂಟ, ಪಾದವಲ್ಲ. ನಾನು ಒಂದು ವಾರ ಹೀಗೇ ತಪ್ಪು ಮಾಡಿದ್ದೆ.

ಸಮತೋಲನದ ಅಭ್ಯಾಸ ಮಾತ್ರ ದಿನವೂ ಬೇಕು. ಇದಕ್ಕೆ ಬೇರೆ ಹೊತ್ತು ಹುಡುಕಬೇಕಿಲ್ಲ, ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಂತೆ. ಮೊಣಕಾಲು ತುಸು ಬಾಗಿರಲಿ. ಮೂವತ್ತು ಸೆಕೆಂಡಿನಂತೆ ಮೂರು ಸಲ. ಮೊದಮೊದಲು ಪಾದದೊಳಗೆ ಸಣ್ಣ ಸಣ್ಣ ನಡುಕ ಕಾಣುತ್ತದೆ. ಅದು ಕೆಡುಕಿನ ಗುರುತಲ್ಲ, ಸ್ನಾಯುಗಳು ಮತ್ತೆ ಲೆಕ್ಕ ಕಲಿಯುತ್ತಿವೆ. ಇದು ಸಲೀಸಾದ ಮೇಲೆ ಕಣ್ಣು ಮುಚ್ಚಿದೆ, ಗೋಡೆ ಕೈಗೆಟಕುವಂತೆ ಇಟ್ಟುಕೊಂಡು. ಕಣ್ಣಿನ ಆಸರೆ ತಪ್ಪಿದಾಗ ಪಾದದ ಕೀಲು ತನ್ನ ಸುದ್ದಿಯನ್ನು ತಾನೇ ಕೊಡಬೇಕಾಗುತ್ತದೆ. ಆಮೇಲೆ ಮಡಚಿದ ಕಂಬಳಿಯ ಮೇಲೆ ನಿಂತೆ. ಕೊನೆಗೆ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಮುಂದಕ್ಕೆ, ಹಿಂದೆ ಎಡಕ್ಕೆ, ಹಿಂದೆ ಬಲಕ್ಕೆ ಆದಷ್ಟು ದೂರ ಚಾಚಿ ನೆಲ ಮುಟ್ಟಿಸಿ ಮರಳಿ ತರುವುದು. ನೋಡಲು ಸುಲಭ ಅನ್ನಿಸುವ ಇದೇ ಅತಿ ಕಷ್ಟದ್ದು. ಓಟವೆಂದರೆ ಒಂಟಿ ಕಾಲಿಂದ ಒಂಟಿ ಕಾಲಿಗೆ ಜಿಗಿಯುವುದೇ ಆದ್ದರಿಂದ ಅತಿ ಉಪಯುಕ್ತವೂ ಹೌದು.

ಓಟಕ್ಕೆ ಮೊದಲು ಆಕೆ ಇಟ್ಟ ಪರೀಕ್ಷೆಗಳು ಇವು. ಅರ್ಧ ಗಂಟೆ ಬಿರುಸಿನ ನಡಿಗೆ ನೋವಿಲ್ಲದೆ ಆಗಬೇಕು. ಗೋಡೆಯ ಅಳತೆಯಲ್ಲಿ ಎರಡು ಕಾಲಿನ ವ್ಯತ್ಯಾಸ ಒಂದೆರಡು ಸೆಂ.ಮೀ. ದಾಟಬಾರದು. ಒಂದೇ ಕಾಲಲ್ಲಿ ಇಪ್ಪತ್ತು ಸಲ ಹಿಮ್ಮಡಿ ಎತ್ತಲು ಬರಬೇಕು. ಕಣ್ಣು ತೆರೆದು ಒಂಟಿ ಕಾಲಲ್ಲಿ ಮೂವತ್ತು ಸೆಕೆಂಡು ಕದಲದೆ ನಿಲ್ಲಬೇಕು. ಕೊನೆಯದು ನಮ್ಮ ಕುಂಟೆಬಿಲ್ಲೆಯೇ: ಉಳುಕಿದ ಕಾಲಲ್ಲಿ ಮುಂದಕ್ಕೆ, ಪಕ್ಕಕ್ಕೆ ಹತ್ತು ಸಲ ಕುಪ್ಪಳಿಸಬೇಕು. ನೋವಿರಬಾರದು, ಕಾಲೂರುವಾಗ ಅಂಜಿಕೆಯೂ ಇರಬಾರದು. ನಾನು ಇವೆಲ್ಲ ದಾಟಿದ್ದು ಎರಡನೆಯ ಉಳುಕಾಗಿ ಇಪ್ಪತ್ತೊಂದನೆಯ ದಿನ. ನಿಮಗೆ ಹತ್ತು ದಿನ ಸಾಕಾಗಬಹುದು, ಐದು ವಾರವೂ ಹಿಡಿಯಬಹುದು. ಕ್ಯಾಲೆಂಡರ್ ನೋಡಿ ಓಡಲು ಹೋಗಬೇಡಿ.

ಮೊದಲ ಓಟ ಸಮತಟ್ಟಾದ ಮೈದಾನದಲ್ಲಿ: ಒಂದು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ಮರುದಿನ ಓಟವಿಲ್ಲ. ಎರಡು ಸಲ ತೊಂದರೆಯಿಲ್ಲದೆ ಆದ ಮೇಲೆ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಆಮೇಲೆ ನಾಲ್ಕಕ್ಕೆ ಒಂದು. ಅಲ್ಲಿಂದ ಇಪ್ಪತ್ತು ನಿಮಿಷದ ಎಡೆಬಿಡದ ಓಟ. ಮೊದಲು ಹೊತ್ತು ಹೆಚ್ಚಲಿ, ಅದಾದ ಮೇಲೆ ವೇಗ, ಆಮೇಲೆ ಏರಿಳಿತ, ಎಲ್ಲಕ್ಕೂ ಕೊನೆಗೆ ಕಲ್ಲುಮಣ್ಣಿನ ದಾರಿ. ಒಂದೇ ಸಲಕ್ಕೆ ಎರಡನ್ನು ಬದಲಿಸಿದರೆ, ಕಾಲು ಮುನಿದಾಗ ಯಾವುದಕ್ಕೆ ಮುನಿಯಿತೆಂದು ತಿಳಿಯುವುದಿಲ್ಲ.

ಓಡುವಾಗಿನ ನೋವಿಗಿಂತ ಮರುದಿನ ಬೆಳಗಿನ ಕಾಲು ಹೆಚ್ಚು ಹೇಳುತ್ತದೆ. ಹತ್ತಕ್ಕೆ ಎರಡರಷ್ಟು ನೋವು ಬಂದು ರಾತ್ರಿಗೆ ಹೋದರೆ ಮುಂದುವರಿಯಬಹುದು. ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಕೀಲು ಬಿಗಿದಿದ್ದರೆ, ಹೊರಗಂಟಿನ ಸುತ್ತಲ ಗುಳಿ ಊದಿ ಮುಚ್ಚಿದ್ದರೆ, ಎರಡು ದಿನ ಬಿಟ್ಟು ಹಿಂದಿನ ಮೆಟ್ಟಿಲಿಗೆ ಇಳಿಯಬೇಕು. ಓಡುತ್ತಲೇ ಕುಂಟು ಬಂದರೆ ಅಲ್ಲಿಗೇ ನಿಲ್ಲಿಸಿ ನಡೆಯಬೇಕು. ನಾಲ್ಕನೆಯ ಓಟದ ಮರುದಿನ ನನ್ನ ಗುಳಿ ಮುಚ್ಚಿತ್ತು. ಹಿಂದೆ ಸರಿದೆ, ಐದು ದಿನ ಹೋಯಿತು, ಅಷ್ಟೇ.

ಉಳುಕಿದ ಮೇಲೆ ಮೊದಲ ಕೆಲವು ತಿಂಗಳು ಒರಟು ದಾರಿಯಲ್ಲಿ ಲೇಸ್ ಇರುವ ಆಂಕಲ್ ಬ್ರೇಸ್ ಹಾಕಿಕೊಂಡರೆ ಮತ್ತೆ ಉಳುಕುವುದು ಕಡಿಮೆಯಾಗುತ್ತದೆ. ಆದರೆ ಅದು ಸಮತೋಲನ ಕಲಿಸುವುದಿಲ್ಲ, ಆದ್ದರಿಂದ ವ್ಯಾಯಾಮ ಮಾಡುವಾಗ ಅದನ್ನು ಬಿಚ್ಚಿಡಿ. ಓಟ ಮೊದಲಿನಂತಾದ ಮೇಲೂ ಎಂಟು ವಾರ ಆ ಅಭ್ಯಾಸ ಬಿಡಬೇಡಿ ಎಂದು ಆಕೆ ಹೇಳಿದ್ದರು. ಕೆರೆ ಏರಿಗೆ ನಾನು ಮರಳಿದ್ದು ಏಳನೆಯ ವಾರ. ಆ ಬೆಳಿಗ್ಗೆ ಕಣ್ಣು ಮುಚ್ಚಿ ಬಲಗಾಲಲ್ಲಿ ಹದಿನೈದು ಸೆಕೆಂಡು ನಿಂತಿದ್ದೆ.